ಫಿಲ್ಟರ್‌ನ ಚರಟ ಮುಖಕ್ಕೆ, ತಲೆಗೆ: ಎಷ್ಟು ನಿಜ, ಎಷ್ಟು ಉತ್ಪ್ರೇಕ್ಷೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ; ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದೆ.)

ಮೈಸೂರಿನ ಕೆಸರೆಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ನಿಮ್ಮ ಅಡುಗೆಮನೆಯಲ್ಲೇ ಇದೆ, ಫಿಲ್ಟರ್‌ನ ಮೇಲಿನ ಡಬ್ಬಿಯಲ್ಲಿ. ಡಿಕಾಕ್ಷನ್ ಇಳಿದ ಮೇಲೆ ಅಲ್ಲಿ ಉಳಿಯುತ್ತಲ್ಲ, ಕಾಫಿ ಚರಟ. ಕೆಲವರ ಮನೆಯಲ್ಲಿ ಗಸಿ ಅಂತಾರೆ, ಕೆಲವರು ಗಷ್ಟು ಅಂತಾರೆ. ಮೊದಲೆಲ್ಲ ಅದು ನೇರ ಗಿಡದ ಬುಡಕ್ಕೋ ಕಸದ ಬುಟ್ಟಿಗೋ ಹೋಗ್ತಿತ್ತು. ಈಗ ಅದಕ್ಕೆ ಮೂರನೇ ದಾರಿ ಸಿಕ್ಕಿದೆ, ಬಚ್ಚಲುಮನೆ. ಮುಖಕ್ಕೆ ಸ್ಕ್ರಬ್, ಕಣ್ಣಿನ ಕೆಳಗೆ ಪ್ಯಾಕ್, ಕೂದಲು ಉದುರೋದಕ್ಕೆ ಮಾಸ್ಕ್.

ಈ ವಿಷಯದ ಬಗ್ಗೆ ಕೇಳುಗರಿಂದ ಬಂದ ಪ್ರಶ್ನೆಗಳನ್ನೆಲ್ಲ ಒಟ್ಟು ಮಾಡಿದ್ರೆ ಉಳಿಯೋದು ಒಂದೇ ಪ್ರಶ್ನೆ: "ಇದು ಕೆಲಸ ಮಾಡುತ್ತಾ?" ನನ್ನ ಉತ್ತರವನ್ನು ಮೊದಲೇ ಹೇಳಿಬಿಡ್ತೀನಿ. ಚರಟ ಒಂದು ಒಳ್ಳೆ ಉಜ್ಜುವ ಪುಡಿ. ಮೊಣಕೈ, ಮೊಣಕಾಲು, ಹಿಮ್ಮಡಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಅದರಾಚೆಗೆ ಹೇಳೋ ಮಾತುಗಳಲ್ಲಿ ಹೆಚ್ಚಿನವು ಕೆಫೀನ್ ಅನ್ನೋ ವಸ್ತುವಿನ ಬಗ್ಗೆ ನಡೆದ ಪ್ರಯೋಗಗಳಿಂದ ಎರವಲು ತಂದ ಮಾತುಗಳು. ನಮ್ಮ ಚರಟದಲ್ಲಿ ಆ ಕೆಫೀನ್ ಎಷ್ಟು ಉಳಿದಿರುತ್ತೆ ಅಂತ ಯಾರೂ ಲೆಕ್ಕ ಹಾಕೋದಿಲ್ಲ. ಹಾಗಾಗಿ ಆ ಲೆಕ್ಕದಿಂದಲೇ ಶುರು ಮಾಡೋಣ.

ಎರಡನೇ ಡಿಕಾಕ್ಷನ್ ಆದ ಮೇಲೆ ಏನು ಉಳಿಯುತ್ತೆ?

ಮೈಸೂರಿನ ಒಂದು ಮಾಮೂಲಿ ಮನೆಯ ಬೆಳಗ್ಗೆ ತಗೊಳ್ಳಿ. ಫಿಲ್ಟರ್‌ಗೆ 20 ಗ್ರಾಂ ಪುಡಿ ಹಾಕಿದ್ರಿ. ಪುಡಿ 80:20, ಅಂದ್ರೆ ನೂರಕ್ಕೆ 80 ಭಾಗ ಕಾಫಿ, 20 ಭಾಗ ಚಿಕೋರಿ. ಹಾಗಾದ್ರೆ ನಿಜವಾದ ಕಾಫಿ 16 ಗ್ರಾಂ. ಚಿಕೋರಿಯಲ್ಲಿ ಕೆಫೀನ್ ಇರೋದಿಲ್ಲ. ಅದು ಬೇರೆ ಗಿಡದ ಬೇರು, ಬಣ್ಣಕ್ಕೂ ಮಂದಕ್ಕೂ ಸೇರಿಸ್ತಾರೆ ಅಷ್ಟೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಭಾಗ ಇರಬೇಕು ಅಂತ ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತೆ. ಪ್ಯಾಕೆಟ್ ಮೇಲೆ ಪ್ರಮಾಣ ಬರೆದಿರುತ್ತಾರೆ, ತಿರುಗಿಸಿ ನೋಡಿ. ಕಡಿಮೆ ಬೆಲೆಯ ಪುಡಿಯಾದ್ರೆ ನೀವು ಮುಖಕ್ಕೆ ಹಚ್ಚಿಕೊಳ್ಳೋ "ಕಾಫಿ"ಯಲ್ಲಿ ಚಿಕೋರಿಯ ಪಾಲು ಅರ್ಧಕ್ಕೆ ಹತ್ತಿರ ಇದ್ದರೂ ಇರಬಹುದು.

ಇನ್ನು ಕೆಫೀನ್. ಅರೇಬಿಕಾ ಬೀಜದಲ್ಲಿ ತೂಕದ ಸುಮಾರು ನೂರಕ್ಕೆ 1.2 ಭಾಗ, ರೊಬಸ್ಟಾದಲ್ಲಿ ಸುಮಾರು 2.2 ಭಾಗ ಕೆಫೀನ್ ಇರುತ್ತೆ. ಎರಡೂ ಸಮಸಮ ಬೆರೆತ ಪುಡಿ ಅಂತ ಇಟ್ಟುಕೊಂಡ್ರೆ 16 ಗ್ರಾಂನಲ್ಲಿ ಅಂದಾಜು 270 ಮಿಲಿಗ್ರಾಂ. ಕೆಫೀನ್ ಬಿಸಿನೀರಲ್ಲಿ ಸುಲಭವಾಗಿ ಕರಗುತ್ತೆ. ಕುದಿಯೋ ನೀರು ಹಾಕಿ, ಡಿಕಾಕ್ಷನ್ ನಿಧಾನಕ್ಕೆ ತೊಟ್ಟಿಕ್ಕಿ ಇಳಿಯುವಷ್ಟರಲ್ಲಿ ಅದರ ದೊಡ್ಡ ಪಾಲು ಕೆಳಗಿನ ಡಬ್ಬಿಗೆ ಬಂದಿರುತ್ತೆ. ಕಾಫಿ ಕುಡಿದು ನಿಮಗೆ ಚುರುಕು ಬರೋದೇ ಅದರಿಂದ. ಅಲ್ಲಿಗೂ ನಾವು ಬಿಡೋದಿಲ್ಲವಲ್ಲ. ಹತ್ತು ಗಂಟೆ ಹೊತ್ತಿಗೆ ಯಾರೋ ಬಂದ್ರು ಅಂತ ಅದೇ ಚರಟದ ಮೇಲೆ ಮತ್ತೆ ಬಿಸಿನೀರು ಹಾಕಿ ಎರಡನೇ ಡಿಕಾಕ್ಷನ್ ಇಳಿಸ್ತೀವಿ. ಅದು ತೆಳ್ಳಗಿರುತ್ತೆ, ಯಾಕಂದ್ರೆ ಕರಗೋದೆಲ್ಲ ಮೊದಲೇ ಕರಗಿ ಹೋಗಿದೆ.

ಇಷ್ಟಾದ ಮೇಲೂ ಹತ್ತರಲ್ಲಿ ಒಂದು ಭಾಗ ಉಳಿದಿದೆ ಅಂತ ಉದಾರವಾಗಿ ಲೆಕ್ಕ ಹಾಕೋಣ. ಸುಮಾರು 27 ಮಿಲಿಗ್ರಾಂ. ಒದ್ದೆ ಚರಟದ ತೂಕ ಸುಮಾರು 40 ಗ್ರಾಂ ಇರುತ್ತೆ. ಮುಖಕ್ಕೆ ನೀವು ತಗೊಳ್ಳೋದು ಅದರ ಕಾಲು ಭಾಗ, ಒಂದು ಚಮಚ. ಅದರಲ್ಲಿ ಏಳು ಮಿಲಿಗ್ರಾಂ ಆಸುಪಾಸು ಕೆಫೀನ್. ಇದು ಅಡುಗೆಮನೆ ಲೆಕ್ಕ, ನಿಮ್ಮ ಪುಡಿ ಬೇರೆಯಾದ್ರೆ ಸಂಖ್ಯೆ ಆಚೀಚೆ ಆಗುತ್ತೆ. ಆದರೆ ಮುಖ್ಯ ಸಂಗತಿ ಆ ಸಂಖ್ಯೆಯಲ್ಲ. ಉಳಿದಿರೋ ಆ ಕೆಫೀನ್ ಕಣಗಳ ಒಳಗೆ ಸಿಕ್ಕಿಕೊಂಡಿರುತ್ತೆ. ಕುದಿಯೋ ನೀರು ಎರಡು ಸಲ ಹರಿದ್ರೂ ಹೊರಗೆ ಬಾರದ್ದು, ತಣ್ಣನೆ ಮೊಸರಿನ ಜೊತೆ ಹತ್ತು ನಿಮಿಷ ಮುಖದ ಮೇಲೆ ಕೂತ ಮಾತ್ರಕ್ಕೆ ಹೊರಗೆ ಬಂದು ಚರ್ಮದೊಳಗೆ ಇಳಿಯುತ್ತಾ? ನೀವೇ ಯೋಚನೆ ಮಾಡಿ.

"ಆಂಟಿಆಕ್ಸಿಡೆಂಟ್ ಇರುತ್ತಲ್ಲ ಸಾರ್" ಅಂತೀರಿ. ಇರುತ್ತೆ, ಸುಳ್ಳಲ್ಲ. ಕಾಫಿಯಲ್ಲಿ ಕ್ಲೋರೋಜೆನಿಕ್ ಆಮ್ಲ ಅಂತ ಇದೆ. ಹುರಿಯುವಾಗ ಒಂದಷ್ಟು ಹಾಳಾಗುತ್ತೆ, ಡಿಕಾಕ್ಷನ್‌ನಲ್ಲಿ ಒಂದಷ್ಟು ಹೋಗುತ್ತೆ, ಸ್ವಲ್ಪ ಚರಟದಲ್ಲಿ ಉಳಿಯುತ್ತೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳೇ ಕಾಫಿ ಉದ್ಯಮದ ತ್ಯಾಜ್ಯಗಳಿಂದ ಇಂಥ ವಸ್ತುಗಳನ್ನು ತೆಗೆಯೋದರ ಬಗ್ಗೆ ಕೆಲಸ ಮಾಡಿದ್ದಾರೆ, 2012ರಲ್ಲಿ ಅದರ ಬರಹಗಳೂ ಪ್ರಕಟವಾಗಿವೆ. ಆದರೆ ಪ್ರಯೋಗಾಲಯದಲ್ಲಿ ಅದನ್ನು ದ್ರಾವಕ ಹಾಕಿ ಹೊರಗೆಳೆದು, ಸೋಸಿ, ಸಾಂದ್ರ ಮಾಡ್ತಾರೆ. ಹಾಗೆ ತೆಗೆದ ಸಾರಕ್ಕೂ ನಿಮ್ಮ ಬಟ್ಟಲಲ್ಲಿರೋ ಚರಟಕ್ಕೂ, ಕಬ್ಬಿನ ಹಾಲಿಗೂ ಕಬ್ಬಿನ ಸಿಪ್ಪೆಗೂ ಇರುವಷ್ಟು ವ್ಯತ್ಯಾಸ ಇದೆ.

ಹಾಗಾದ್ರೆ ಹೊಳಪು ಎಲ್ಲಿಂದ ಬಂತು?

ಉಜ್ಜಿ ತೊಳೆದ ತಕ್ಷಣ ಚರ್ಮ ನುಣ್ಣಗೆ, ಹೊಳಪಾಗಿ ಕಾಣೋದು ನಿಜ. ಅದು ಕಾಫಿಯ ಗುಣ ಅಲ್ಲ, ಉಜ್ಜುವಿಕೆಯ ಗುಣ. ಚರ್ಮದ ಹೊರಪದರದಲ್ಲಿ ಸತ್ತ ಕೋಶಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಒರಟು ಪುಡಿಯಿಂದ ಉಜ್ಜಿದಾಗ ಮೇಲ್ಮೇಲಿನವು ಉದುರುತ್ತವೆ, ಮೇಲ್ಮೈ ಸಮ ಆಗುತ್ತೆ, ಬೆಳಕು ಸಮನಾಗಿ ಬೀಳುತ್ತೆ. ಉಜ್ಜಿದ್ದರಿಂದ ರಕ್ತ ಓಡಾಟವೂ ಸ್ವಲ್ಪ ಹೊತ್ತು ಹೆಚ್ಚುತ್ತೆ. ಜೊತೆಗೆ ಎಣ್ಣೆ ಬೆರೆಸಿದ್ರೆ ಅದರ ಮೆರುಗು ಬೇರೆ. ಇದೇ ಹೊಳಪು ಕಡಲೆಹಿಟ್ಟಲ್ಲೂ ಬರುತ್ತೆ, ಸೀಗೆಪುಡಿ ಹಾಕಿ ಎಣ್ಣೆಸ್ನಾನ ಮಾಡಿದಾಗಲೂ ಬರುತ್ತೆ. ಒಂದೆರಡು ದಿನ ಇದ್ದು ಹೋಗುತ್ತೆ.

ಬಿಸಿಲಿಗೆ ಕಪ್ಪಾಗಿದ್ದು, ಅಂದ್ರೆ ಟ್ಯಾನ್, ಉಜ್ಜಿದ್ರೆ ಹೋಗುತ್ತೆ ಅನ್ನೋದು ಮಾತ್ರ ಸರಿಯಲ್ಲ. ಆ ಬಣ್ಣ ತಯಾರಾಗೋದು ಜೀವಂತ ಕೋಶಗಳಿರೋ ಕೆಳಗಿನ ಪದರದಲ್ಲಿ. ಮೇಲಿನ ಧೂಳು, ಸತ್ತ ಕೋಶ ಹೋದಾಗ ಒಂದು ಕಳೆ ತಿಳಿಯಾದ ಹಾಗೆ ಕಾಣಬಹುದು, ಅಷ್ಟೆ. ಬಿಸಿಲು ತಪ್ಪಿಸಿದ್ರೆ ಕೆಲವು ವಾರಗಳಲ್ಲಿ ಚರ್ಮ ತಾನಾಗೇ ಹೊಸದಾಗ್ತಾ ಬಂದು ಟ್ಯಾನ್ ಇಳಿಯುತ್ತೆ. ಆ ವಾರಗಳಲ್ಲಿ ನೀವು ಯಾವ ಪ್ಯಾಕ್ ಹಾಕಿಕೊಂಡಿರ್ತೀರೋ ಹೆಸರು ಅದಕ್ಕೆ ಬರುತ್ತೆ.

ಮೈಗೆ ಹಚ್ಚೋದಾದ್ರೆ ಹೀಗೆ ಮಾಡಿ. ಅವತ್ತೇ ಇಳಿಸಿದ ಚರಟ ಎರಡು ಚಮಚ, ಕೊಬ್ಬರಿ ಎಣ್ಣೆ ಒಂದು ಚಮಚ. ಎಣ್ಣೆ ಬೇಡ ಅಂದ್ರೆ ಸ್ನಾನದ ಸೋಪಿನ ನೊರೆಯಲ್ಲೇ ಕಲಸಿ. ಮೊದಲು ಮೈ ಒದ್ದೆ ಮಾಡಿಕೊಂಡು, ಬೆರಳ ತುದಿಯಿಂದ ಸಣ್ಣ ಸುತ್ತುಗಳಲ್ಲಿ, ಒಂದೊಂದು ಜಾಗಕ್ಕೆ ಅರ್ಧ ನಿಮಿಷ. ಒತ್ತಬಾರದು, ಸ್ಟೀಲ್ ಪಾತ್ರೆ ತಿಕ್ಕೋ ಹಾಗೆ ತಿಕ್ಕಬಾರದು. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒರೆಸಿಕೊಂಡ ಕೂಡಲೇ ಮಾಯಿಶ್ಚರೈಸರ್ ಹಚ್ಚಿ. ವಾರಕ್ಕೆ ಒಂದು ಸಲ ಸಾಕು. ಎಣ್ಣೆ ಹಾಕಿದ್ರೆ ಬಚ್ಚಲ ನೆಲ ಜಾರುತ್ತೆ. ಮನೆಯಲ್ಲಿ ವಯಸ್ಸಾದವರಿದ್ರೆ ನೀವು ಈಚೆ ಬರೋ ಮೊದಲು ಸೋಪು ಹಾಕಿ ನೆಲ ತೊಳೆದುಬಿಡಿ. ಗಾಯ, ಇಸುಬು, ಸೋರಿಯಾಸಿಸ್, ಹುಳುಕಡ್ಡಿ, ಬಿಸಿಲಿಗೆ ಸುಟ್ಟ ಜಾಗ, ಅವತ್ತು ಶೇವ್ ಅಥವಾ ವ್ಯಾಕ್ಸ್ ಮಾಡಿದ ಜಾಗ ಇವುಗಳ ಮೇಲೆ ಬೇಡ.

ಇನ್ನೊಂದು ಎಚ್ಚರಿಕೆ, ಇದು ನಮ್ಮ ಕಡೆಯವರಿಗೆ ವಿಶೇಷವಾಗಿ. ಖಾಲಿ ಸೈಟುಗಳಲ್ಲಿ ಬೆಳೆಯೋ ಕಾಂಗ್ರೆಸ್ ಗಿಡ, ಪಾರ್ಥೇನಿಯಂ, ಕೆಲವರಿಗೆ ಚರ್ಮದ ಅಲರ್ಜಿ ತರುತ್ತೆ ಅಂತ ನಿಮಗೆ ಗೊತ್ತು. ಚಿಕೋರಿ ಕೂಡ ಅದೇ ಕುಟುಂಬದ ಗಿಡ. ಸೇವಂತಿಗೆ, ಸೂರ್ಯಕಾಂತಿ ಕೂಡ ಅದೇ ಕುಟುಂಬಕ್ಕೆ ಸೇರಿದವು. ಪಾರ್ಥೇನಿಯಂ ಅಲರ್ಜಿ ಇರೋರಿಗೆ ಆ ಕುಟುಂಬದ ಬೇರೆ ಗಿಡಗಳೂ ಕೆಲವೊಮ್ಮೆ ಆಗಿಬರೋದಿಲ್ಲ. ಅಂಥವರು ಚಿಕೋರಿ ಬೆರೆತ ಚರಟ ಹಚ್ಚದೇ ಇರೋದು ಲೇಸು. ಉಳಿದವರು ಮೊದಲ ಸಲ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ತೊಳೆದು, ಎರಡು ದಿನ ನೋಡಿ. ತುರಿಕೆ, ಗುಳ್ಳೆ ಬಂದ್ರೆ ಅಲ್ಲಿಗೇ ನಿಲ್ಲಿಸಿ.

ಮುಖದ ಮಾತು ಬೇರೆ

ಈಗ ಒಬ್ಬ ಕೇಳುಗರ ವಿಷಯಕ್ಕೆ ಬರ್ತೀನಿ. ಡಿಗ್ರಿ ಓದ್ತಾ ಇರೋ ಹೆಣ್ಣುಮಗಳು, ನಮ್ಮ ಕೆಸರೆಯವರೇ. ಹೆಸರು ಬೇಡ ಅಂದಿದ್ದಾರೆ. ಕೆನ್ನೆ ಮೇಲೆ ಮೊಡವೆ ಇತ್ತಂತೆ. ಅಕ್ಕನ ಮದುವೆ ಹತ್ತಿರ ಬಂತು ಅಂತ ಚರಟ, ಸಕ್ಕರೆ, ನಿಂಬೆರಸ ಕಲಸಿ ದಿನಾ ರಾತ್ರಿ ಮುಖ ಉಜ್ಜಿದ್ರಂತೆ, ಮೂರು ವಾರ. ಮೊದಲ ನಾಲ್ಕು ದಿನ ಮುಖ ನುಣ್ಣಗಾಯ್ತು. ಎರಡನೇ ವಾರದಲ್ಲಿ ಸೋಪು ಹಾಕಿದ್ರೆ ಉರಿ. ಮೂರನೇ ವಾರಕ್ಕೆ ಮೊಡವೆ ಇದ್ದ ಕಡೆಯೆಲ್ಲ ಕಂದು ಕಲೆ. "ಮೊಡವೆ ಎರಡು ತಿಂಗಳಲ್ಲಿ ಹೋಗ್ತಿತ್ತೇನೋ ಅಣ್ಣ, ಈ ಕಲೆ ಯಾವಾಗ ಹೋಗುತ್ತೆ?" ಅಂತ ಕೇಳಿದ್ದಾರೆ.

ಇಲ್ಲಿ ಆಗಿದ್ದೇನು ಅಂತ ಬಿಡಿಸಿ ನೋಡೋಣ. ಮುಖದ ಚರ್ಮದ ಆ ಸತ್ತ ಕೋಶಗಳ ಹೊರಪದರ ಬರೀ 0.02 ಮಿಲಿಮೀಟರ್ ಆಸುಪಾಸು ದಪ್ಪ. ಫಿಲ್ಟರ್‌ಗೆ ಬೀಸಿದ ಪುಡಿಯ ದಪ್ಪ ಕಣ ಅರ್ಧ ಮಿಲಿಮೀಟರ್ ಹತ್ತಿರ ಇರಬಹುದು, ಅಂದ್ರೆ ಆ ಪದರದ ಇಪ್ಪತ್ತೈದು ಪಟ್ಟು. ಅದೂ ಗುಂಡಗಿರೋದಿಲ್ಲ. ಬೀಜ ಒಡೆದು ಮಾಡಿದ ಪುಡಿಯಾದ್ದರಿಂದ ಅಂಚುಗಳು ಇರುತ್ತವೆ. ಸಕ್ಕರೆಯಾದ್ರೆ ನೀರಲ್ಲಿ ಕರಗಿ ಮೊಂಡಾಗುತ್ತೆ. ಚರಟ ಕರಗೋದೇ ಇಲ್ಲ, ನೀವು ನಿಲ್ಲಿಸೋ ತನಕ ಉಜ್ಜುತ್ತಾನೇ ಇರುತ್ತೆ. ಹಿಮ್ಮಡಿಯಲ್ಲಿ ಪದರ ದಪ್ಪ, ತಡೆದುಕೊಳ್ಳುತ್ತೆ. ಕೆನ್ನೆಯಲ್ಲಿ ಅಷ್ಟು ಬಂಡವಾಳ ಇಲ್ಲ. ಮೇಲಿಂದ ನಿಂಬೆರಸ, ಅದು ಚರ್ಮಕ್ಕಿಂತ ಎಷ್ಟೋ ಪಟ್ಟು ಹುಳಿ, ಉಜ್ಜಿ ತೆಳ್ಳಗಾದ ಚರ್ಮಕ್ಕೆ ಉರಿ ತರುತ್ತೆ.

ಮೊಡವೆ ಅಂದ್ರೆ ಆಗಲೇ ಊತ ಇರೋ ಜಾಗ. ಅದನ್ನು ದಿನಾ ಉಜ್ಜಿದ್ರೆ ಊತ ಹೆಚ್ಚುತ್ತೆ. ನಮ್ಮಂಥ ಕಂದು ಬಣ್ಣದ ಚರ್ಮದ ಸ್ವಭಾವ ಏನಂದ್ರೆ, ಎಲ್ಲಿ ಊತವಾಯ್ತೋ ಅಲ್ಲಿ ಮೆಲನಿನ್ ಅನ್ನೋ ಬಣ್ಣವನ್ನು ಹೆಚ್ಚಾಗಿ ಸುರಿಯುತ್ತೆ. ಗಾಯ ವಾಸಿಯಾದ ಮೇಲೂ ಬಣ್ಣ ಉಳಿಯುತ್ತೆ. ನಾರಿನಿಂದಲೋ ಒರಟು ಟವೆಲ್‌ನಿಂದಲೋ ವರ್ಷಗಟ್ಟಲೆ ತಿಕ್ಕಿದವರ ಬೆನ್ನು, ಭುಜ ಕಪ್ಪಾಗಿರೋದನ್ನು ನೋಡಿರ್ತೀರಿ. ಚರ್ಮದ ವೈದ್ಯರು ಅದಕ್ಕೆ ಫ್ರಿಕ್ಷನಲ್ ಮೆಲನೋಸಿಸ್ ಅಂತಾರೆ, ಅಂದ್ರೆ ತಿಕ್ಕಾಟದ ಕಪ್ಪು. ಬೆಳ್ಳಗಾಗೋದಕ್ಕೆ ಅಂತ ತಿಕ್ಕಿದ್ದೇ ಕಪ್ಪಿಗೆ ಕಾರಣ ಆಗೋದು ಹೀಗೆ.

ಇದನ್ನು ಮೊದಲೇ ಗುರುತಿಸೋದು ಹೇಗೆ? ಇಂಗ್ಲಿಷ್ ವಿಡಿಯೋಗಳಲ್ಲಿ "ಕೆಂಪಾದ್ರೆ ನಿಲ್ಲಿಸಿ" ಅಂತಾರೆ. ನಮ್ಮ ಬಣ್ಣಕ್ಕೆ ಕೆಂಪು ಅಷ್ಟು ಸುಲಭವಾಗಿ ಕಾಣೋದಿಲ್ಲ. ಹಾಗಾಗಿ ಕಣ್ಣಿಗಿಂತ ಕೈಯನ್ನು ನಂಬಿ. ತೊಳೆದು ಹದಿನೈದು ನಿಮಿಷ ಆದ ಮೇಲೂ ಕೆನ್ನೆ ಬೆಚ್ಚಗಿದ್ರೆ, ಬಿಗಿದ ಹಾಗಿದ್ರೆ, ದಿನಾ ಹಚ್ಚೋ ಕ್ರೀಮೇ ಚುರುಗುಟ್ಟಿದ್ರೆ ಪದರಕ್ಕೆ ಪೆಟ್ಟು ಬಿದ್ದಿದೆ ಅಂತ ಅರ್ಥ. ಆ ಹೆಣ್ಣುಮಗಳಿಗೆ ಎರಡನೇ ವಾರದ ಸೋಪಿನ ಉರಿಯೇ ಆ ಸೂಚನೆ.

ಅವರಿಗೆ ನನ್ನ ಮಾತು ಇಷ್ಟು. ಇವತ್ತಿಂದ ಉಜ್ಜೋದು, ನಿಂಬೆ, ಸೋಡಾ, ಅರಿಶಿನ ಎಲ್ಲ ಬಂದ್. ಮೃದುವಾದ ಫೇಸ್‌ವಾಶ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಬೆಳಗ್ಗೆ ಹೊರಗೆ ಹೋಗೋ ಮೊದಲು ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್. ಬಿಸಿಲು ತಾಗಿದ್ರೆ ಕಲೆ ಗಾಢ ಆಗುತ್ತೆ, ಅದಕ್ಕೇ ಸನ್‌ಸ್ಕ್ರೀನ್. ಇಂಥ ಕಲೆ ಮಾಸೋದಕ್ಕೆ ತಿಂಗಳುಗಳು ಬೇಕು. ಬಣ್ಣ ಆಳಕ್ಕೆ ಇಳಿದಿದ್ರೆ ವರ್ಷ ದಾಟಿದ್ರೂ ದಾಟಬಹುದು. ಮೊಡವೆಗೆ ಬೇರೆ ಚಿಕಿತ್ಸೆ ಇದೆ, ಅದಕ್ಕೆ ಚರ್ಮದ ವೈದ್ಯರನ್ನೇ ಕಾಣಬೇಕು. ಖಾಸಗಿ ಕ್ಲಿನಿಕ್‌ಗೆ ದುಡ್ಡು ಹೊಂದಿಸೋದು ಕಷ್ಟ ಅಂದ್ರೆ ನಮ್ಮ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸ್ಟಿರಾಯ್ಡ್ ಬೆರೆತ "ಬೆಳ್ಳಗಾಗೋ ಕ್ರೀಮ್" ತಂದು ಹಚ್ಚೋದು ಮಾತ್ರ ಬೇಡವೇ ಬೇಡ. ಅದು ಇನ್ನೂ ದೊಡ್ಡ ತೊಂದರೆಗೆ ದಾರಿ.

ಕಣ್ಣಿನ ಕೆಳಗಿನ ಊತಕ್ಕೂ ಒಂದು ಮಾತು. ಕೆಫೀನ್ ರಕ್ತನಾಳಗಳನ್ನು ಕಿರಿದು ಮಾಡುತ್ತೆ, ಹಾಗಾಗಿ ಊತ ಇಳಿಯುತ್ತೆ ಅನ್ನೋದು ವಾದ. 2011ರಲ್ಲಿ ಥಾಯ್ಲೆಂಡ್‌ನ ಸಂಶೋಧಕರು ನೂರಕ್ಕೆ 3 ಭಾಗ ಕೆಫೀನ್ ಇರೋ ಜೆಲ್ ಮತ್ತು ಕೆಫೀನ್ ಇಲ್ಲದ ಅದೇ ಜೆಲ್ ಎರಡನ್ನೂ ಹಚ್ಚಿ ನೋಡಿದ್ರು. ಅವರು ಬಂದ ತೀರ್ಮಾನ, ಊತ ಇಳಿಯೋದಕ್ಕೆ ಮುಖ್ಯ ಕಾರಣ ಜೆಲ್‌ನ ತಂಪೇ ಹೊರತು ಕೆಫೀನ್ ಅಲ್ಲ ಅಂತ. ತಂಪೇ ಬೇಕು ಅಂದ್ರೆ ಒದ್ದೆ ಬಟ್ಟೆ ಸಾಕಲ್ವಾ? ಕಣ್ಣಿನ ಹತ್ತಿರ ಚರಟ ಹಚ್ಚೋದು ಅಪಾಯ. ಒಂದು ಕಣ ಕಣ್ಣೊಳಗೆ ಹೋಗಿ, ನೀವು ಉಜ್ಜಿಕೊಂಡ್ರೆ ಕಣ್ಣಿನ ಪಾರದರ್ಶಕ ಪದರಕ್ಕೇ ಗೀರು ಬೀಳುತ್ತೆ.

ಕೂದಲು: ಪ್ರಯೋಗ ನಿಜ, ಮಾಸ್ಕ್ ಬೇರೆ

ಎಲ್ಲಕ್ಕಿಂತ ದೊಡ್ಡ ಭರವಸೆ ಕೊಡೋದು ಕೂದಲಿನ ವಿಷಯದಲ್ಲಿ. ಇದರ ಹಿಂದೆ ನಿಜವಾದ ವಿಜ್ಞಾನವೂ ಸ್ವಲ್ಪ ಇದೆ, ಅದನ್ನು ನ್ಯಾಯವಾಗಿ ಹೇಳಿಬಿಡ್ತೀನಿ.

2007ರಲ್ಲಿ ಜರ್ಮನಿಯ ಯೇನಾದ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದ್ರು. ಗಂಡಸರಲ್ಲಿ ವಂಶಪಾರಂಪರ್ಯವಾಗಿ ಬರೋ ಬೋಳು ಶುರುವಾಗಿದ್ದ 14 ಜನರ ನೆತ್ತಿಯಿಂದ ಕೂದಲಿನ ಬುಡಗಳನ್ನು ತೆಗೆದು, ಪ್ರಯೋಗಾಲಯದ ದ್ರವದಲ್ಲಿ ಕೆಲವು ದಿನ ಬೆಳೆಸಿದ್ರು. ಟೆಸ್ಟೊಸ್ಟೆರೋನ್ ಹಾಕಿದಾಗ ಬೆಳವಣಿಗೆ ಕುಗ್ಗಿತು, ಕೆಫೀನ್ ಸೇರಿಸಿದಾಗ ಆ ಕುಗ್ಗುವಿಕೆ ತಗ್ಗಿತು. "ಕಾಫಿ ಕೂದಲು ಬೆಳೆಸುತ್ತೆ" ಅನ್ನೋ ಮಾತಿಗೆ ದೊಡ್ಡ ಆಧಾರ ಇದು. ಗಮನಿಸಿ, ಇದು ತಲೆಯ ಮೇಲೆ ಅಲ್ಲ, ಗಾಜಿನ ತಟ್ಟೆಯಲ್ಲಿ ಆಗಿದ್ದು.

ಆಮೇಲೆ 2017ರಲ್ಲಿ ನಮ್ಮ ಭಾರತದಲ್ಲೇ 210 ಗಂಡಸರ ಮೇಲೆ ನಡೆದ ಒಂದು ಪರೀಕ್ಷೆ ಪ್ರಕಟವಾಯ್ತು. ಒಂದು ಗುಂಪಿಗೆ ನೂರಕ್ಕೆ 0.2 ಭಾಗ ಕೆಫೀನ್ ಇರೋ ದ್ರವ, ಇನ್ನೊಂದು ಗುಂಪಿಗೆ ನೂರಕ್ಕೆ 5 ಭಾಗ ಮಿನಾಕ್ಸಿಡಿಲ್. ಆರು ತಿಂಗಳು ಹಚ್ಚಿದ ಮೇಲೆ ಎರಡೂ ಹೆಚ್ಚುಕಡಿಮೆ ಸಮ ಬಂದವು. ಒಳ್ಳೆ ಸುದ್ದಿಯೇ. ಆದರೆ ಯಾರು ಏನು ಹಚ್ಚಿಕೊಳ್ತಿದ್ದಾರೆ ಅನ್ನೋದು ಅಲ್ಲಿ ಗುಟ್ಟಾಗಿರಲಿಲ್ಲ, ಔಷಧಿಯೇ ಇಲ್ಲದ ದ್ರವ ಹಚ್ಚಿದ ಮೂರನೇ ಗುಂಪೂ ಇರಲಿಲ್ಲ. ಅದಕ್ಕೇ ಅದನ್ನು ಕೊನೆ ಮಾತು ಅನ್ನೋಕ್ಕಾಗಲ್ಲ. ಇನ್ನು 2018ರಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಸಂಸ್ಥೆ, ಒಂದು ಪ್ರಸಿದ್ಧ ಕೆಫೀನ್ ಶಾಂಪೂ "ಕೂದಲು ಉದುರೋದನ್ನು ಕಡಿಮೆ ಮಾಡುತ್ತೆ" ಅಂತ ಹೇಳೋದಕ್ಕೆ ಕೊಟ್ಟ ಸಾಕ್ಷ್ಯ ಸಾಲದು ಅಂತ ಆ ಜಾಹೀರಾತನ್ನು ತಡೆಯಿತು.

ಈಗ ಇದನ್ನೆಲ್ಲ ಚರಟದ ಮಾಸ್ಕ್ ಜೊತೆ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಕೆಫೀನ್ ದ್ರವದಲ್ಲಿ ಕರಗಿತ್ತು, ನೆತ್ತಿಗೆ ಇಳಿಯೋ ಹಾಗೆ ತಯಾರಾಗಿತ್ತು, ತಿಂಗಳುಗಟ್ಟಲೆ ದಿನಾ ಹಚ್ಚಿದ್ರು, ತೊಳೆದು ತೆಗೀತಿರಲಿಲ್ಲ. ಇಲ್ಲಿ ಎರಡು ಡಿಕಾಕ್ಷನ್ ಇಳಿಸಿ ಉಳಿದ ಚರಟ, ವಾರಕ್ಕೊಂದು ಸಲ, ಅರ್ಧ ಗಂಟೆ, ಆಮೇಲೆ ಶಾಂಪೂ. ಅಲ್ಲಿನ ಫಲ ಇಲ್ಲಿ ಸಿಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ.

"ಆದರೆ ನಮ್ಮ ಅತ್ತಿಗೆಗೆ ನಿಂತಿತು" ಅಂತ ಯಾರಾದ್ರೂ ಹೇಳಿಯೇ ಹೇಳ್ತಾರೆ. ಅವರು ಸುಳ್ಳು ಹೇಳ್ತಿಲ್ಲ. ಡೆಂಗ್ಯೂ, ಟೈಫಾಯ್ಡ್‌ನಂಥ ದೊಡ್ಡ ಜ್ವರ ಬಂದ ಮೇಲೆ, ಬಾಣಂತನ ಆದ ಮೇಲೆ, ಎರಡು ಮೂರು ತಿಂಗಳಿಗೆ ಕೂದಲು ಕೈತುಂಬ ಉದುರೋಕೆ ಶುರುವಾಗುತ್ತೆ. ಜ್ವರ ಮರೆತೇ ಹೋಗಿರುತ್ತೆ, ಹಾಗಾಗಿ ಕಾರಣ ಹೊಳೆಯೋದಿಲ್ಲ. ಈ ಉದುರುವಿಕೆ ಮುಂದೆ ಕೆಲವು ತಿಂಗಳಲ್ಲಿ ಬಹಳ ಮಂದಿಗೆ ತಾನಾಗೇ ನಿಲ್ಲುತ್ತೆ. ಜನ ಗಾಬರಿಯಾಗಿ ಕಾಫಿ, ಈರುಳ್ಳಿ ರಸ, ಮೆಂತ್ಯ ಅಂತ ಹಚ್ಚೋದು ಆ ನಡುವಿನ ತಿಂಗಳುಗಳಲ್ಲೇ. ನಿಲ್ಲೋ ಕಾಲಕ್ಕೆ ನಿಂತದ್ದರ ಯಶಸ್ಸು ತಲೆ ಮೇಲಿದ್ದ ಮಾಸ್ಕ್‌ಗೆ ಹೋಗುತ್ತೆ. ಆದರೆ ರಕ್ತಹೀನತೆಯಿಂದಲೋ ಥೈರಾಯ್ಡ್‌ನಿಂದಲೋ ಉದುರ್ತಿದ್ರೆ ಹಾಗೆ ನಿಲ್ಲೋದಿಲ್ಲ. ಮಾಸ್ಕ್ ಹಾಕ್ತಾ ಆರು ತಿಂಗಳು ಕಳೆದ್ರೆ ಕಾರಣ ಒಳಗೇ ಬೆಳೀತಾ ಇರುತ್ತೆ. ಬೈತಲೆ ಅಗಲ ಆಗ್ತಿದ್ರೆ, ದುಂಡಗೆ ಒಂದು ಕಡೆ ಕೂದಲು ಹೋಗಿದ್ರೆ, ಉದುರೋದು ಆರು ತಿಂಗಳು ದಾಟಿದ್ರೆ ಮೊದಲು ವೈದ್ಯರ ಹತ್ತಿರ ಹೋಗಿ.

ಇನ್ನೊಂದು ಕಷ್ಟ ಇದೆ. ಒದ್ದೆ ಕೂದಲಲ್ಲಿ ಚರಟ ಸಿಕ್ಕಿಕೊಂಡ್ರೆ ಸುಲಭಕ್ಕೆ ಬಿಡೋದಿಲ್ಲ. ಬಿಡಿಸೋಕೆ ಬಾಚಿದಷ್ಟೂ ಕೂದಲು ತುಂಡಾಗುತ್ತೆ, ಯಾಕಂದ್ರೆ ಒದ್ದೆ ಕೂದಲು ಒಣಗಿದ್ದಕ್ಕಿಂತ ಬೇಗ ಹಿಗ್ಗಿ ಮುರಿಯುತ್ತೆ. ಎರಡು ದಿನ ಆದ ಮೇಲೂ ಹೆಗಲ ಮೇಲೆ ಕಪ್ಪು ಪುಡಿ ಬೀಳ್ತಾನೇ ಇರುತ್ತೆ.

ಮೆಹಂದಿಗೆ ಡಿಕಾಕ್ಷನ್ ಹಾಕೋದು ನಮ್ಮ ಮನೆಗಳ ಹಳೇ ಅಭ್ಯಾಸ. ಅದರಿಂದ ತೊಂದರೆ ಇಲ್ಲ. ಆದರೆ ಕೂದಲಿಗೆ ನಿಲ್ಲೋ ಬಣ್ಣ ಮೆಹಂದಿಯದು. ಅದರಲ್ಲಿರೋ ಲಾಸೋನ್ ಅನ್ನೋ ವಸ್ತು ಕೂದಲಿನ ಕೆರಾಟಿನ್‌ಗೆ ಅಂಟಿಕೊಳ್ಳುತ್ತೆ. ಕಾಫಿಯ ಕಂದು ಮೇಲೆ ಮೇಲೆ ಕೂತು ಕೆಲವೇ ತಲೆಸ್ನಾನಕ್ಕೆ ಹೋಗುತ್ತೆ. ಬರೀ ಚರಟ ಹಚ್ಚಿ ಬಿಳಿಕೂದಲು ಕಪ್ಪಾಗುತ್ತೆ ಅನ್ನೋದು ಆಗದ ಮಾತು.

ಉಳಿದದ್ದು ಎಲ್ಲಿಗೆ?

ಕೊನೆಗೆ ಎರಡು ಮನೆಮಾತು. ಒಂದು, ಚರಟ ಕೂಡಿಡಬೇಡಿ. ಒದ್ದೆ ಚರಟವನ್ನು ಡಬ್ಬಿಯಲ್ಲಿ ಮುಚ್ಚಿಟ್ರೆ, ಮಳೆಗಾಲದಲ್ಲಂತೂ, ಕೆಲವೇ ದಿನದಲ್ಲಿ ಬೂಸ್ಟು ಹಿಡಿಯುತ್ತೆ. ಬಿಳಿ, ಹಸಿರು ಪೊರೆ ಕಂಡ್ರೆ, ಮುಗ್ಗಲು ವಾಸನೆ ಬಂದ್ರೆ ಮೈಗೆ ಹಚ್ಚಬೇಡಿ. ಮೇಲಿನದ್ದು ತೆಗೆದು ಕೆಳಗಿನದ್ದು ಬಳಸೋದೂ ಬೇಡ. ಅವತ್ತಿನದು ಅವತ್ತಿಗೇ ಮುಗಿಸಿ. ಇಡಲೇಬೇಕು ಅಂದ್ರೆ ತಟ್ಟೆಯಲ್ಲಿ ತೆಳುವಾಗಿ ಹರಡಿ, ಬಿಸಿಲಲ್ಲಿ ಕೈಗೆ ಗರಿಗರಿ ಅನ್ನೋ ತನಕ ಒಣಗಿಸಿ, ಒಣ ಡಬ್ಬಿಗೆ ಹಾಕಿ.

ಎರಡು, ಬಚ್ಚಲ ತೂಬು. ಚರಟ ನೀರಲ್ಲಿ ಕರಗೋದಿಲ್ಲ, ತಳಕ್ಕೆ ಕೂರುತ್ತೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತೆ. ಎರಡೂ ಸೇರಿ, ನಡುವೆ ಉದುರಿದ ಕೂದಲು ಸಿಕ್ಕಿದ್ರೆ ಪೈಪಿನ ತಿರುವಿನಲ್ಲಿ ಗಟ್ಟಿ ಉಂಡೆಯಾಗುತ್ತೆ. ನಮ್ಮ ಕೆಸರೆಯಲ್ಲೇ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ. ಊರಿನ ಒಂದು ಪಾಲಿನ ಒಳಚರಂಡಿ ನೀರು ಅಲ್ಲಿಗೇ ಬರುತ್ತೆ. ಆದರೆ ನಿಮ್ಮ ಚರಟ ಅಲ್ಲಿಯ ತನಕವೂ ಹೋಗೋದಿಲ್ಲ, ನಿಮ್ಮ ಮನೆ ಮುಂದಿನ ಚೇಂಬರ್‌ನಲ್ಲೇ ಕೂರುತ್ತೆ. ತೂಬಿನ ಬಾಯಿಗೆ ಒಂದು ಸಣ್ಣ ಜಾಲರಿ ಇಟ್ಟು, ಸಿಕ್ಕಿದ್ದನ್ನು ಒಣಗಿಸಿ ಹಸಿಕಸಕ್ಕೆ ಹಾಕಿ.

ಹಾಗಾಗಿ ಇನ್ನು ಮುಂದೆ ಕಾಫಿ ಹೆಸರಿನ ಯಾವ ಪ್ಯಾಕೆಟ್, ಯಾವ ವಿಡಿಯೋ ಕಂಡ್ರೂ ಮೂರು ಪ್ರಶ್ನೆ ಕೇಳಿ. ಇದರಲ್ಲಿ ಕೆಫೀನ್ ಎಷ್ಟು ಅಂತ ಹೇಳಿದ್ದಾರಾ? ಅದು ಮೈಮೇಲೆ ಎಷ್ಟು ಹೊತ್ತು ಇರುತ್ತೆ? ಪರೀಕ್ಷೆ ಮಾಡಿದ್ದು ಇದನ್ನೇನಾ, ಬೇರೆಯದನ್ನಾ? ಮೂರಕ್ಕೂ ಉತ್ತರ ಸಿಗದಿದ್ರೆ ನಿಮ್ಮ ಕೈಯಲ್ಲಿರೋದು ಬರೀ ಉಜ್ಜೋ ಪುಡಿ. ಅದನ್ನು ಹಿಮ್ಮಡಿಗೆ ಬಳಸಿ, ಮುಖವನ್ನು ಅದರ ಪಾಡಿಗೆ ಬಿಡಿ. ನಿಮ್ಮ ಮನೆಯಲ್ಲಿ ಬೇರೆ ಯಾವ ಮದ್ದಿನ ಬಗ್ಗೆ ಅನುಮಾನ ಇದೆಯೋ ಬರೆದು ಕಳಿಸಿ, ಮುಂದಿನ ಸಂಚಿಕೆಗಳಲ್ಲಿ ನೋಡೋಣ.